ಮರೆಯಲ್ಲಿರುವುದರ ಬೆಲೆ

ದೃಶ್ಯದೊಳಗಿನ ಬೇಡದ ವಸ್ತುವನ್ನು ಅಳಿಸಿಕೊಡಲು ಸ್ವತಂತ್ರ ಸಂಕಲನಕಾರರು ಗ್ರಾಹಕರಿಗೆ ಕಳುಹಿಸುವ ದರಪತ್ರದ ಇಮೇಲುಗಳಲ್ಲಿ ಬಹುಪಾಲು ಎರಡೇ ಸಾಲಿನವು. ಒಂದರಲ್ಲಿ ಮೊತ್ತವಿರುತ್ತದೆ, ಇನ್ನೊಂದರಲ್ಲಿ ದಿನಗಳ ಸಂಖ್ಯೆಯಿರುತ್ತದೆ, ಆ ಎರಡೂ ಎಲ್ಲಿಂದ ಬಂದವೆಂಬುದು ಬರೆದವರಿಗೂ ಓದಿದವರಿಗೂ ತಿಳಿದಿರುವುದಿಲ್ಲ. ಈ ವಾರ ವಿದ್ಯುತ್ ತಂತಿಗಳನ್ನು ಅಳಿಸುವ ಬಗೆಯನ್ನು ಚರ್ಚಿಸುವುದಾಗಿ ಅಂಕಣವು ಹೇಳಿತ್ತಾದರೂ, ತಂತಿಯ ಬೆಲೆಯನ್ನು ಕಟ್ಟುವುದಕ್ಕೆ ಮೊದಲು ಬೆಲೆ ಕಟ್ಟುವ ಕ್ರಮವನ್ನೇ ಸರಿಪಡಿಸಿಕೊಳ್ಳಬೇಕಾಗಿರುವುದರಿಂದ ತಂತಿಗಳು ಮುಂದಿನ ವಾರದವರೆಗೆ ಕಂಬದ ಮೇಲೆಯೇ ಇರಲಿ.

ದರ ನಿಗದಿಯಲ್ಲಿ ಒಂದು ಹಳೆಯ ಪಂಥವಿದೆ. ಅಳಿಸಬೇಕಾದ ವಸ್ತು ಎಷ್ಟು ದೊಡ್ಡದು, ಶಾಟ್ ಎಷ್ಟು ಸೆಕೆಂಡಿನದು ಎಂಬ ಎರಡು ಪ್ರಶ್ನೆ ಕೇಳಿ, ಉತ್ತರವನ್ನು ಒಂದು ಸಿದ್ಧದರದಿಂದ ಗುಣಿಸಿ ಮೊತ್ತ ಹೇಳುವುದು ಆ ಪಂಥದ ರೀತಿ. ಅದು ಗ್ರಾಹಕರಿಗೆ ಸುಲಭವಾಗಿ ಅರ್ಥವಾಗುತ್ತದೆ ಎಂಬುದನ್ನು ಬಿಟ್ಟರೆ ಅದರ ಪರವಾಗಿ ಹೇಳಬಹುದಾದದ್ದು ಏನೂ ಇಲ್ಲ. ಖಾಲಿ ಆಕಾಶದಲ್ಲಿ ನಿಂತ ಮೊಬೈಲ್ ಗೋಪುರವನ್ನು ತೆಗೆಯುವುದು ಅರ್ಧ ದಿನದ ಕೆಲಸವಾಗಬಹುದು, ನಟಿಯ ಹಾರಾಡುವ ಕೂದಲ ಹಿಂದೆ ಕಾಣುವ ಅಂಗೈಯಗಲದ ಡಿಶ್ ಆಂಟೆನಾ ಮೂರು ದಿನವನ್ನು ನುಂಗಬಹುದು. ತೆಗೆಯುವ ವಸ್ತುವಿಗೆ ಬೆಲೆಯಿಲ್ಲ. ಅದರ ಹಿಂದೆ ಅಡಗಿರುವುದನ್ನು ಮತ್ತೆ ಕಟ್ಟಿಕೊಡುವುದಕ್ಕೂ, ಅದರ ಮುಂದೆ ಹಾದುಹೋಗುವುದನ್ನು ಹಾಗೆಯೇ ಉಳಿಸಿಕೊಳ್ಳುವುದಕ್ಕೂ ಬೆಲೆಯಿದೆ.

ಒಂದು ಉದಾಹರಣೆಯನ್ನು ಕೊನೆಯವರೆಗೂ ಬಿಡಿಸಿ ನೋಡಬಹುದು. 1960ರ ದಶಕದಲ್ಲಿ ನಡೆಯುವ ಕಥೆಯ ಚಿತ್ರವೊಂದಕ್ಕೆ ಮೈಸೂರಿನ ಹಳೆಯ ಬೀದಿಯಲ್ಲಿ ತೆಗೆದ ಶಾಟ್ ಎಂದಿಟ್ಟುಕೊಳ್ಳಬೇಕು. ಸೆಕೆಂಡಿಗೆ 24 ಫ್ರೇಮಿನಂತೆ ಆರು ಸೆಕೆಂಡು, ಅಂದರೆ 144 ಬಿಡಿ ಚಿತ್ರಗಳು. ಕ್ಯಾಮೆರಾ ಕೈಯಲ್ಲೇ ಇದ್ದು ನಿಧಾನವಾಗಿ ಎಡದಿಂದ ಬಲಕ್ಕೆ ಸರಿಯುತ್ತದೆ. ಮನೆಯೊಂದರ ಜಗಲಿಯ ಮುಂದೆ ಇಂದಿನ ಕಾಲದ ಮೋಟಾರ್ ಬೈಕ್ ನಿಂತಿದೆ, ಅದರ ಹಿಂದೆ ಸುಣ್ಣ ಉದುರಿದ ಗೋಡೆ, ಎರಡು ಕಲ್ಲಿನ ಮೆಟ್ಟಿಲು, ಮುಂದಿನ ಚಕ್ರದ ಕೆಳಗೆ ಅರ್ಧ ಮುಚ್ಚಿಹೋದ ರಂಗೋಲಿ. 84ನೇ ಫ್ರೇಮಿನಿಂದ ಮುಂದಿನ 48 ಫ್ರೇಮುಗಳಲ್ಲಿ ಸೆರಗು ಹೊದ್ದ ನಟಿ ಬೈಕಿನ ಮುಂದೆ ಹಾದುಹೋಗುತ್ತಾಳೆ. ಬೈಕನ್ನು ತೆಗೆಯಬೇಕು.

ಮೊದಲ ಕೆಲಸ ಕ್ಲೀನ್ ಪ್ಲೇಟ್, ಅಂದರೆ ಬೈಕೇ ಇಲ್ಲದ ಸ್ಥಳದ ಒಂದು ಸ್ಥಿರ ಚಿತ್ರವನ್ನು ತಯಾರಿಸುವುದು. ಕ್ಯಾಮೆರಾ ಸರಿಯುವುದರಿಂದ ಆರಂಭದ ಫ್ರೇಮುಗಳಲ್ಲಿ ಬೈಕಿನ ಒಂದು ಬದಿಯ ಗೋಡೆ ಕಾಣುತ್ತದೆ, ಕೊನೆಯ ಫ್ರೇಮುಗಳಲ್ಲಿ ಇನ್ನೊಂದು ಬದಿಯದು ಕಾಣುತ್ತದೆ; ಅವೆರಡನ್ನೂ ಹೊಂದಿಸಿದರೆ ಮರೆಯಲ್ಲಿದ್ದ ಭಾಗದಲ್ಲಿ ಒಳ್ಳೆಯ ಪಾಲು ನಿಜವಾದ ಚಿತ್ರಿಕೆಯಿಂದಲೇ ಸಿಗುತ್ತದೆ. ಯಾವ ಫ್ರೇಮಿನಲ್ಲೂ ಕಾಣದೆ ಉಳಿಯುವುದು ಗೋಡೆಗೆ ಒತ್ತಿದ ಎಂಜಿನಿನ ಹಿಂಭಾಗ ಮತ್ತು ಚಕ್ರದ ಕೆಳಗಿನ ರಂಗೋಲಿ. ಗೋಡೆಯನ್ನು ಪಕ್ಕದ ಗೋಡೆಯಿಂದ ಎರವಲು ತರಬಹುದು, ಆದರೆ ರಂಗೋಲಿಯ ಎಳೆಗಳು ಚುಕ್ಕಿಗಳ ಲೆಕ್ಕಕ್ಕೆ ಬದ್ಧವಾಗಿರುವುದರಿಂದ ಅದನ್ನು ಕೈಯಿಂದಲೇ ಬಿಡಿಸಿ ಮುಗಿಸಬೇಕು, ಇಲ್ಲವೇ ಆ ದಿನ ತೆಗೆದ ಸ್ಥಳದ ಫೋಟೋ ಇದೆಯೇ ಎಂದು ಗ್ರಾಹಕರನ್ನು ಕೇಳಬೇಕು. ಈ ಒಂದು ಪ್ರಶ್ನೆಯಿಂದ ಎರಡು ಗಂಟೆಯ ಕೆಲಸ ಉಳಿಯಬಹುದಾದರೂ ದರಪತ್ರಗಳಲ್ಲಿ ಅದು ಕಾಣಿಸಿಕೊಳ್ಳುವುದು ತೀರ ಅಪರೂಪ.

ಆ ಸ್ಥಿರ ಚಿತ್ರವನ್ನು ಕ್ಯಾಮೆರಾದ ಚಲನೆಗೆ ಅಂಟಿಸುವುದು ಟ್ರ್ಯಾಕಿಂಗ್. ಗೋಡೆ, ಮೆಟ್ಟಿಲ ಮುಖ, ನೆಲ ಮೂರೂ ಬೇರೆ ಬೇರೆ ಸಮತಲಗಳಾದ್ದರಿಂದ ಒಂದೇ ತೇಪೆ ಮೂರಕ್ಕೂ ಹೊಂದುವುದಿಲ್ಲ. ಪ್ರತಿಯೊಂದಕ್ಕೂ ಪ್ರತ್ಯೇಕ ತೇಪೆ, ಪ್ರತ್ಯೇಕ ಟ್ರ್ಯಾಕ್ ಬೇಕಾಗುತ್ತದೆ. ಆ ಬಳಿಕ ಬರುವುದು ಎಲ್ಲಕ್ಕಿಂತ ದುಬಾರಿಯಾದ ರೋಟೋ, ಅಂದರೆ ತೇಪೆಯ ಮುಂದೆ ಬರುವ ನಟಿಯ ಅಂಚನ್ನು ಫ್ರೇಮಿನಿಂದ ಫ್ರೇಮಿಗೆ ಕೈಯಿಂದ ಗೆರೆ ಎಳೆದು ಬೇರ್ಪಡಿಸುವ ಕೆಲಸ. ತೋಳಿನ ಅಂಚು ಸುಲಭ. ಬೀಸುವ ಸೆರಗಿನ ಅಂಚು ಚಲನೆಯಲ್ಲಿ ಮಸುಕಾಗಿ, ಅದರೊಳಗೆ ಹಿಂದಿನ ಬೈಕಿನ ಕಪ್ಪು ಬಣ್ಣವೂ ಬೆರೆತಿರುವುದರಿಂದ, ಗೆರೆ ಎಳೆದರೆ ಸಾಲದು, ಬೆರೆತ ಕಪ್ಪನ್ನು ತೆಗೆದು ಗೋಡೆಯ ಬಣ್ಣವನ್ನು ಅಲ್ಲಿ ತುಂಬಬೇಕು.

ಕೊನೆಯದು ನೆರಳು ಮತ್ತು ಗ್ರೇನ್. ಬೈಕು ಹೋದ ಮೇಲೂ ಅದರ ನೆರಳು ನೆಲದಲ್ಲಿ ಉಳಿದರೆ ನೋಡುಗರಿಗೆ ಕಾರಣ ಹೊಳೆಯದಿದ್ದರೂ ಏನೋ ಸರಿಯಿಲ್ಲವೆನ್ನಿಸುತ್ತದೆ. ಗ್ರೇನ್ ಎಂದರೆ ಚಿತ್ರದಲ್ಲಿ ಸದಾ ಮಿಣುಕುವ ಸಣ್ಣ ಕಣಗಳು. ಸ್ಥಿರ ಚಿತ್ರದಿಂದ ಮಾಡಿದ ತೇಪೆಯಲ್ಲಿ ಅವು ಹೆಪ್ಪುಗಟ್ಟಿರುತ್ತವೆಯಾದ್ದರಿಂದ ಸುತ್ತಲಿನ ಗೋಡೆ ಜೀವಂತವಾಗಿದ್ದು ನಡುವಿನ ಭಾಗ ಮಾತ್ರ ಸತ್ತಂತೆ ಕಾಣುತ್ತದೆ. ಕೆಲಸ ಸರಿಯಾಗಿದೆಯೇ ಎಂದು ತಿಳಿಯಲು ಒಂದು ಫ್ರೇಮನ್ನು ನಿಲ್ಲಿಸಿ ನೋಡುವುದು ನಿಷ್ಪ್ರಯೋಜಕ. ಕಾಂಟ್ರಾಸ್ಟನ್ನು ವಿಪರೀತ ಏರಿಸಿ, ಶಾಟನ್ನು ಪೂರ್ಣ ವೇಗದಲ್ಲಿ ಮತ್ತೆ ಮತ್ತೆ ಓಡಿಸಿದರೆ ತೇಪೆ ಜಾರುವುದೂ ಅಂಚು ನಡುಗುವುದೂ ತಾವಾಗಿಯೇ ಬಯಲಾಗುತ್ತವೆ.

ಹಿಂದಿರುವುದೇ ಬೆಲೆಯನ್ನು ನಿರ್ಧರಿಸುತ್ತದೆ ಎಂಬ ಮಾತಿಗೆ ಈ ಅಂಕಣದ ಪ್ರಿಯ ಗ್ರಂಥವೊಂದು ಸಾಕ್ಷಿಯಾಗಿದೆ. ಬ್ರಿಟಿಷ್ ವಿನ್ಯಾಸಕಾರ ಹಾಗೂ ಸಂಗ್ರಾಹಕ ಡೇವಿಡ್ ಕಿಂಗ್ 1997ರಲ್ಲಿ ಪ್ರಕಟಿಸಿದ ‘ದಿ ಕಮಿಸಾರ್ ವ್ಯಾನಿಶಸ್’ ಸ್ಟಾಲಿನ್ ಕಾಲದಲ್ಲಿ ಛಾಯಾಚಿತ್ರಗಳಿಂದ ಮನುಷ್ಯರನ್ನು ಅಳಿಸಿದ ಬಗೆಯನ್ನು ಮೂಲಚಿತ್ರ ಮತ್ತು ತಿದ್ದಿದ ಚಿತ್ರಗಳ ಮೂಲಕ ತೋರಿಸುತ್ತದೆ. ಅದನ್ನು ರಾಜಕೀಯ ಇತಿಹಾಸವಾಗಿ ಓದುವವರೇ ಹೆಚ್ಚು. ಕಸುಬಿನ ಕಣ್ಣಿನಿಂದ ಓದಿದರೆ ಅಲ್ಲಿನ ಎರಡು ಚಿತ್ರಗಳು ದರ ನಿಗದಿಯ ಪಾಠವನ್ನೇ ಹೇಳುತ್ತವೆ. 1937ರಲ್ಲಿ ಮಾಸ್ಕೋ–ವೋಲ್ಗಾ ಕಾಲುವೆಯ ದಂಡೆಯಲ್ಲಿ ಸ್ಟಾಲಿನ್ನನ ಪಕ್ಕ ನಡೆದ ರಹಸ್ಯ ಪೊಲೀಸ್ ಮುಖ್ಯಸ್ಥ ಯೆಝೋವ್ 1940ರಲ್ಲಿ ಗುಂಡಿಗೆ ಬಲಿಯಾದ, ಚಿತ್ರದಿಂದಲೂ ಮಾಯವಾದ. ಅವನು ನಿಂತದ್ದು ಗುಂಪಿನ ತುದಿಯಲ್ಲಿ, ಅವನ ಹಿಂದಿದ್ದದ್ದು ಬಹುಪಾಲು ನೀರು. ನೀರಿಗೆ ಖಚಿತವಾದ ಆಕಾರವಿಲ್ಲದ್ದರಿಂದ ತಿದ್ದುವವನು ಎಳೆದ ಯಾವ ಅಲೆಯೂ ತಪ್ಪೆನಿಸುವಂತಿರಲಿಲ್ಲ. 1920ರ ಮೇ 5ರಂದು ಮಾಸ್ಕೋದಲ್ಲಿ ಮರದ ವೇದಿಕೆಯಿಂದ ಲೆನಿನ್ ಭಾಷಣ ಮಾಡುತ್ತಿರುವ ಚಿತ್ರದ ಕಥೆ ಬೇರೆ. ಅಲ್ಲಿ ವೇದಿಕೆಯ ಪಕ್ಕದ ಮೆಟ್ಟಿಲ ಮೇಲಿದ್ದ ಟ್ರಾಟ್‌ಸ್ಕಿ ಮತ್ತು ಕಾಮೆನೆವ್ ಇಬ್ಬರನ್ನೂ ಅಳಿಸಿ, ಆ ಜಾಗದಲ್ಲಿ ಮರದ ಮೆಟ್ಟಿಲುಗಳನ್ನು ತುಂಬಬೇಕಾಯಿತು. ಮೆಟ್ಟಿಲಿಗೆ ನೇರವಾದ ಅಂಚಿದೆ, ದೂರ ಸರಿದಂತೆ ಕುಗ್ಗುವ ಅಳತೆಯಿದೆ, ಬೆಳಕು ಬೀಳುವ ಬದಿಯಿದೆ. ಒಂದು ಗೆರೆ ವಾರೆಯಾದರೂ ಸುಳ್ಳು ಗೋಚರಿಸುತ್ತದೆ. ಗಾತ್ರವಾದಿಗಳ ದರಪಟ್ಟಿಯಲ್ಲಿ ಈ ಎರಡೂ ‘ವ್ಯಕ್ತಿ ತೆಗೆಯುವುದು’ ಎಂಬ ಒಂದೇ ಸಾಲಿನಡಿ ಬರುತ್ತವೆ, ಹೆಚ್ಚೆಂದರೆ ತಲೆ ಎಣಿಸಿ ಎರಡನೆಯದಕ್ಕೆ ಇಮ್ಮಡಿ ಹಣ ಕೇಳಲಾಗುತ್ತದೆ. ನೀರು ಮತ್ತು ಮೆಟ್ಟಿಲಿನ ವ್ಯತ್ಯಾಸಕ್ಕೆ ಅಲ್ಲಿ ಜಾಗವಿಲ್ಲ. ಅವು ಸ್ಥಿರ ಚಿತ್ರಗಳಾದ್ದರಿಂದ ಸುಳ್ಳನ್ನು ಒಮ್ಮೆ ಹೇಳಿದರೆ ಸಾಕಾಗಿತ್ತು. ಮೈಸೂರಿನ ಬೀದಿಯಲ್ಲಿ ಅದನ್ನು 144 ಬಾರಿ, ಒಂದಕ್ಕೊಂದು ವಿರೋಧವಾಗದಂತೆ ಹೇಳಬೇಕು.

ಈ ಲೆಕ್ಕವನ್ನೆಲ್ಲ ಗ್ರಾಹಕರ ಮುಂದೆ ಸುರಿಯಬೇಕಾಗಿಲ್ಲ, ಆದರೆ ಬೆಲೆಯ ಕಾರಣ ಪತ್ರದಲ್ಲಿ ಕಾಣಬೇಕು. ಗಂಟೆಗೆ 900 ರೂಪಾಯಿ ಎಂಬ ದರವನ್ನು ಕೇವಲ ಲೆಕ್ಕಕ್ಕಾಗಿ ಇಟ್ಟುಕೊಂಡರೆ, ಒಳ್ಳೆಯ ಇಮೇಲಿನ ಒಕ್ಕಣೆ ಸುಮಾರಾಗಿ ಹೀಗಿರುತ್ತದೆ:

“ತಾವು ಕಳುಹಿಸಿದ ಆರು ಸೆಕೆಂಡಿನ ಶಾಟನ್ನು ಪರಿಶೀಲಿಸಿ, ಒಂದು ಫ್ರೇಮಿನಲ್ಲಿ ಪ್ರಯೋಗ ಮಾಡಿ ನೋಡಲಾಗಿದೆ. ಬೈಕು, ಅದರ ನೆರಳು, ನೆಲದ ಮೇಲಿನ ಎಣ್ಣೆಯ ಕಲೆ ಇವನ್ನು ತೆಗೆಯಲು 20 ಗಂಟೆ ಬೇಕಾಗುತ್ತದೆ. ಮೊತ್ತ 18,000 ರೂಪಾಯಿ, ತೆರಿಗೆ ಪ್ರತ್ಯೇಕ. ಇದರಲ್ಲಿ 9 ಗಂಟೆ ನಟಿ ಬೈಕಿನ ಮುಂದೆ ಹಾದುಹೋಗುವ 48 ಫ್ರೇಮುಗಳಿಗೇ ಬೇಕು. ಕಥೆಗೆ ತೊಂದರೆಯಿಲ್ಲದೆ ಶಾಟನ್ನು 80ನೇ ಫ್ರೇಮಿಗೆ ಕತ್ತರಿಸಬಹುದಾದರೆ 11 ಗಂಟೆ, 9,900 ರೂಪಾಯಿ ಸಾಕು; ಆಗಲೂ ಪೂರ್ತಿ ಶಾಟನ್ನೇ ಕಳುಹಿಸಿರಿ, ಕೊನೆಯ ಫ್ರೇಮುಗಳಿಂದ ಗೋಡೆಯ ಭಾಗ ಸಿಗುತ್ತದೆ. ಕ್ಯಾಮೆರಾದ ಮೂಲ ಫೈಲ್ ತಲುಪಿದ ಎರಡನೆಯ ಕೆಲಸದ ದಿನ ಬೈಕಿಲ್ಲದ ಸ್ಥಿರ ಚಿತ್ರ ಕಳುಹಿಸಲಾಗುವುದು, ತಾವು ಒಪ್ಪಿದ ಮೇಲೆ ಮೂರು ಕೆಲಸದ ದಿನಗಳಲ್ಲಿ ಶಾಟ್ ಸಿದ್ಧವಾಗುತ್ತದೆ. ಎರಡು ಸುತ್ತಿನ ತಿದ್ದುಪಡಿ ಸೇರಿದೆ. ಬಾಗಿಲ ಪಕ್ಕದ ಮೀಟರ್ ಪೆಟ್ಟಿಗೆ ಮತ್ತು ಮೇಲಿನ ಕೇಬಲ್ ವೈರು ಇದರಲ್ಲಿ ಸೇರಿಲ್ಲ. ಅರ್ಧ ಮೊತ್ತ ಮುಂಗಡ.”

ಈ ಪತ್ರದಲ್ಲಿ ಮೊತ್ತಕ್ಕಿಂತ ಗಮನಾರ್ಹವಾದದ್ದು ಸ್ಥಿರ ಚಿತ್ರಕ್ಕೆ ಒಪ್ಪಿಗೆ ಪಡೆಯುವ ಹಂತ. ಕ್ಲೀನ್ ಪ್ಲೇಟಿನಲ್ಲಿ ರಂಗೋಲಿ ಹೀಗಿರಬಾರದಿತ್ತು ಎಂಬ ಆಕ್ಷೇಪ ಎರಡನೆಯ ದಿನ ಬಂದರೆ ಅದನ್ನು ಒಂದು ಚಿತ್ರದಲ್ಲಿ ತಿದ್ದಿದರೆ ಮುಗಿಯಿತು; ಐದನೆಯ ದಿನ ಬಂದರೆ ತೇಪೆ, ನೆರಳು, ಗ್ರೇನ್ ಎಲ್ಲವನ್ನೂ ಮತ್ತೆ ಹಾಯಬೇಕಾಗುತ್ತದೆ. 20 ಗಂಟೆಯ ಕೆಲಸಕ್ಕೆ ಐದು ಕೆಲಸದ ದಿನ ಏಕೆಂದು ಕೇಳುವ ಗ್ರಾಹಕರಿಗೂ ಉತ್ತರವಿದೆ: ಅಂಚಿನ ಮೇಲೆ ಕಣ್ಣು ನೆಟ್ಟು ಮಾಡುವ ಕೆಲಸ ದಿನಕ್ಕೆ ನಾಲ್ಕೈದು ಗಂಟೆ ದಾಟಿದರೆ ಕಣ್ಣು ತಪ್ಪನ್ನು ಒಪ್ಪಿಕೊಳ್ಳಲು ಆರಂಭಿಸುತ್ತದೆ, ಹಾಗೆ ಒಪ್ಪಿಕೊಂಡದ್ದನ್ನು ಮರುದಿನ ಬೆಳಿಗ್ಗೆ ಮತ್ತೆ ಮಾಡಬೇಕಾಗುತ್ತದೆ. ಒಪ್ಪಿಗೆಗಾಗಿ ಕಾಯುವ ದಿನಗಳು ಈ ಐದರಲ್ಲಿ ಸೇರುವುದಿಲ್ಲವೆಂಬುದನ್ನು ಮಾತ್ರ ಮೊದಲೇ ಬರೆದಿಡಬೇಕು.

ಇನ್ನು ಸೇರಿಲ್ಲದವುಗಳ ಸಾಲು. ಬೈಕು ಹೋಗಿ ಬೀದಿ ಹಳೆಯದಾಗಿ ಕಂಡ ಕೂಡಲೇ, ಅದುವರೆಗೆ ಯಾರ ಗಮನಕ್ಕೂ ಬಾರದಿದ್ದ ಮೀಟರ್ ಪೆಟ್ಟಿಗೆ ನಿರ್ದೇಶಕರ ಕಣ್ಣಿಗೆ ಬೀಳುತ್ತದೆ, “ಅದನ್ನೂ ಹಾಗೇ ತೆಗೆದುಬಿಡಿ” ಎಂಬ ಸಂದೇಶ ಬರುತ್ತದೆ. ಅದನ್ನು ತಿದ್ದುಪಡಿಯೆಂದು ಕರೆಯಬೇಕೋ ಹೊಸ ಕೆಲಸವೆಂದು ಕರೆಯಬೇಕೋ ಎಂಬ ಜಗಳ ಹುಟ್ಟುವುದು ಇಲ್ಲಿಯೇ. ಪತ್ರ ಬರೆಯುವ ಮೊದಲು ಶಾಟಿನ ನಾಲ್ಕೂ ಮೂಲೆಗಳನ್ನು ನಿಧಾನವಾಗಿ ನೋಡಿ, ಮುಂದೆ ಕೇಳಬಹುದಾದುದನ್ನು ತಾವೇ ಊಹಿಸಿ ಹೆಸರಿಸಿಡುವ ಸಂಕಲನಕಾರರಿಗೆ ಆ ಜಗಳ ಆಡಬೇಕಾಗಿ ಬರುವುದಿಲ್ಲ. ಶಾಟನ್ನು ನೋಡದೆಯೇ ಬೆಲೆ ಹೇಳಬೇಕೆಂದು ಗ್ರಾಹಕರು ಒತ್ತಾಯಿಸಿದರೆ ಒಂದೇ ಮೊತ್ತವನ್ನು ಬರೆಯದೆ, ‘11ರಿಂದ 20 ಗಂಟೆ, ಪರಿಶೀಲನೆಯ ಬಳಿಕ ಖಚಿತ’ ಎಂದು ಬರೆಯುವುದು ಪ್ರಾಮಾಣಿಕವಾದ ದಾರಿ. ಅಷ್ಟಕ್ಕೂ ಒಪ್ಪದ ಗ್ರಾಹಕರನ್ನು ಗಾತ್ರವಾದಿಗಳಿಗೇ ಬಿಟ್ಟುಕೊಡುವುದು ಲೇಸು.