ಇನ್ನೂರು ಅಂಗಡಿಗಳ ಶೇ. 4

ಹೊಸ ಉದ್ಯಮಗಳ ಯೋಜನಾ ವರದಿಗಳಲ್ಲಿ ‘ನಮ್ಮ ಪೈಲಟ್‌ನಲ್ಲಿ ಶೇ. 4ರಷ್ಟು ಮಂದಿ ಗ್ರಾಹಕರಾದರು’ ಎಂಬ ಸಾಲು ಮತ್ತೆ ಮತ್ತೆ ಕಾಣುತ್ತದೆ. ಅಂದಾಜಿನ ಅಂಕಿ ಬರೆಯುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಆ ಒಂದೇ ಅಂಕಿಯ ಮೇಲೆ ವರ್ಷದ ಆದಾಯವನ್ನೆಲ್ಲ ನಿಲ್ಲಿಸುವ ರೂಢಿಯನ್ನು ನಾನು ಒಪ್ಪಲಾರೆ.

ಕಿರಾಣಿ ಅಂಗಡಿಗಳಿಗೆ ಉದ್ರಿ ಲೆಕ್ಕದ ಆ್ಯಪ್ ಮಾರುವ ಕಂಪನಿಯೊಂದಿದೆ ಎಂದುಕೊಳ್ಳಿ. 200 ಅಂಗಡಿಗಳಿಗೆ ಫೋನ್ ಮಾಡಿದರು, 40 ಮಂದಿ ಡೆಮೊ ನೋಡಿದರು, 8 ಮಂದಿ ವರ್ಷದ ಚಂದಾ 3,000 ರೂಪಾಯಿ ಕಟ್ಟಿದರು. ಮುಂದಿನ ವರ್ಷ 10,000 ಅಂಗಡಿಗಳನ್ನು ತಲುಪಿದರೆ 400 ಗ್ರಾಹಕರು, 12 ಲಕ್ಷ ಆದಾಯ ಎಂದು ವರದಿ ಹೇಳುತ್ತದೆ. ಖರ್ಚು 9 ಲಕ್ಷ. ಅಂದರೆ ನಷ್ಟವಾಗದಿರಲು 300 ಗ್ರಾಹಕರು, ಶೇ. 3ರ ದರ ಬೇಕು.

ಇಡೀ ಲೆಕ್ಕ ನಿಂತಿರುವುದು ಎಂಟು ಜನರ ಮೇಲೆ. ಎಡ್ವಿನ್ ವಿಲ್ಸನ್ 1927ರಲ್ಲಿ ಕೊಟ್ಟ ಸೂತ್ರದಂತೆ, 200ರಲ್ಲಿ 8 ಎಂಬ ಫಲಿತಾಂಶಕ್ಕೆ ಶೇ. 95ರ ವಿಶ್ವಾಸದ ವ್ಯಾಪ್ತಿ ಸುಮಾರು ಶೇ. 2ರಿಂದ 7.7. ಗ್ರಾಹಕರು 200 ಇರಬಹುದು, 770 ಕೂಡ ಇರಬಹುದು. ಕೆಳತುದಿಯಲ್ಲಿ ಆದಾಯ 6 ಲಕ್ಷವಷ್ಟೇ. ಈ ವ್ಯಾಪ್ತಿಯನ್ನು ಬರೆಯದ ವರದಿ ಓದುಗನಿಂದ ನಷ್ಟದ ಸಾಧ್ಯತೆಯನ್ನೇ ಮುಚ್ಚಿಡುತ್ತದೆ.

ಇದಕ್ಕಿಂತ ದೊಡ್ಡ ದೋಷವನ್ನು ಯಾವ ಸೂತ್ರವೂ ಹಿಡಿಯದು. ಆ 200ರಲ್ಲಿ 50 ಅಂಗಡಿಗಳು ಸಂಸ್ಥಾಪಕರ ಪರಿಚಯದವು ಎನ್ನಿ. ಎಂಟರಲ್ಲಿ ಆರು ಗ್ರಾಹಕರು ಬಂದದ್ದು ಅಲ್ಲಿಂದಲೇ. ಅಪರಿಚಿತ 150 ಅಂಗಡಿಗಳಿಂದ ಬಂದವರು ಇಬ್ಬರು, ಅಂದರೆ ಶೇ. 1.3. ಮುಂದಿನ 10,000 ಅಂಗಡಿಗಳು ಬಹುತೇಕ ಅಪರಿಚಿತವೇ. ಆ ದರದಲ್ಲಿ ಸಿಗುವುದು 130ರ ಆಸುಪಾಸು ಗ್ರಾಹಕರು. ಜೊತೆಗೆ ಪೈಲಟ್‌ನಲ್ಲಿ ಮಾತಾಡಿದವರು ಸಂಸ್ಥಾಪಕರು. ಮುಂದೆ ಮಾತಾಡುವವರು ಸಂಬಳದ ಮಾರಾಟಗಾರರು. ಸರಕು ಅದೇ ಆದರೂ ಮಾರಾಟ ಬೇರೆ.

ಶೇ. 4 ಸುಳ್ಳಲ್ಲ, ಅದು ಬೇರೆ ಗುಂಪಿನ ಉತ್ತರ. ಹಾಗಾಗಿ ಪೈಲಟ್ ವರದಿಯಲ್ಲಿ ನಾನು ಮೊದಲು ಹುಡುಕುವುದು ಶೇಕಡಾವಾರನ್ನಲ್ಲ. ಪಟ್ಟಿ ಎಲ್ಲಿಂದ ಬಂತು, ಯಾರು ಮಾರಿದರು, ಪೂರ್ತಿ ಬೆಲೆ ಕಟ್ಟಿದರೇ ಅಥವಾ ರಿಯಾಯಿತಿ ಇತ್ತೇ, ಕೊನೆಯ ವಾರ ಫೋನ್ ಮಾಡಿಸಿಕೊಂಡವರಿಗೆ ತೀರ್ಮಾನಿಸಲು ಸಮಯ ಸಿಕ್ಕಿತ್ತೇ ಎಂಬುದನ್ನು. ಕೊನೆಯದು ಮಾತ್ರ ದರವನ್ನು ನಿಜಕ್ಕಿಂತ ಕಡಿಮೆ ತೋರಿಸಬಲ್ಲದು. ಉಳಿದವು ಸಾಮಾನ್ಯವಾಗಿ ಹಿಗ್ಗಿಸುತ್ತವೆ.

ಈ ಕಂಪನಿ ಮಾಡಬೇಕಾದದ್ದು ಇನ್ನೊಂದು ಪರೀಕ್ಷೆ: ಅಪರಿಚಿತ 600 ಅಂಗಡಿಗಳು, ಸಂಬಳದ ಮಾರಾಟಗಾರ, ಪೂರ್ತಿ ಬೆಲೆ. ಶೇ. 3ರ ಗೆರೆಯಂತೆ ಅಲ್ಲಿ 18 ಗ್ರಾಹಕರು ಬೇಕು. ಎಂಟೋ ಹತ್ತೋ ಬಂದರೆ ಬೆಲೆ ಅಥವಾ ಖರ್ಚನ್ನು ಬದಲಿಸುತ್ತೇವೆ ಎಂದು ಮೊದಲ ಫೋನ್ ಕರೆಗೆ ಮುಂಚೆಯೇ ಬರೆದಿಡಬೇಕು. ಫಲಿತಾಂಶ ಕಂಡ ಮೇಲೆ ಗೆರೆ ಎಳೆಯಲು ಹೊರಟರೆ ಹತ್ತು ಕೂಡ ಸಾಕೆನಿಸಿಬಿಡುತ್ತದೆ.