ಹಾರ ಒಂದು ಕಡೆಯದು, ಪೆಟ್ಟಿಗೆ ಇನ್ನೊಂದು ಕಡೆಯದು

ಮೊಪಾಸಾನ ‘ನೆಕ್ಲೇಸ್’ ಕಥೆಯ ಕೊನೆ ಓದುಗರಲ್ಲಿ ಬಹಳ ಮಂದಿಗೆ ಗೊತ್ತು. ಸಾಲ ಮಾಡಿ ತೀರಿಸಿದ ವಜ್ರದ ಹಾರದ ಅಸಲು ನಕಲಿಯಾಗಿತ್ತು ಎಂಬುದನ್ನು ಪಠ್ಯಪುಸ್ತಕದಲ್ಲೋ ಅನುವಾದದಲ್ಲೋ ಓದಿ ಬೆಚ್ಚಿದವರು ನಾವು. ಆದರೆ ಆ ಕಥೆಯ ನಡುವೆ ಒಬ್ಬ ಆಭರಣ ವ್ಯಾಪಾರಿ ಬಂದುಹೋಗುತ್ತಾನೆ. ಅವನು ಏನು ಹೇಳಿದ ಎಂದು ಕೇಳಿದರೆ ನೆನಪಿಸಿಕೊಳ್ಳುವವರು ಕಡಿಮೆ. ಕಥೆಯ ಗುಟ್ಟನ್ನು ಅವನು ಆಗಲೇ ಹೇಳಿಬಿಟ್ಟಿರುತ್ತಾನೆ.

ಕಥೆಯನ್ನು ಚುಟುಕಾಗಿ ನೆನಪಿಸಿಕೊಳ್ಳೋಣ. ಪ್ಯಾರಿಸ್ಸಿನ ಒಬ್ಬ ಗುಮಾಸ್ತ ಲ್ವಾಸೆಲ್, ಅವನ ಹೆಂಡತಿ ಮತಿಲ್ಡ. ಸಿರಿವಂತಿಕೆಗೆ ಹುಟ್ಟಬೇಕಾದವಳು ತಪ್ಪಿ ಇಲ್ಲಿ ಹುಟ್ಟಿದೆ ಎಂಬ ಕೊರಗು ಅವಳದು. ಮಂತ್ರಿಯ ಮನೆಯ ಔತಣಕ್ಕೆ ಕರೆ ಬಂದಾಗ ಗಂಡ ಬಂದೂಕು ಕೊಳ್ಳಲು ಕೂಡಿಟ್ಟಿದ್ದ 400 ಫ್ರಾಂಕ್ ಉಡುಪಿಗೆ ಹೋಗುತ್ತದೆ. ಒಡವೆಗೆ ಗೆಳತಿ ಫೊರೆಸ್ತಿಯೆಯ ಮನೆಗೆ ಹೋಗುತ್ತಾಳೆ. ಎರವಲು ತಂದ ಹಾರ ಆ ರಾತ್ರಿಯೇ ಕಳೆದುಹೋಗುತ್ತದೆ. 36,000 ಫ್ರಾಂಕ್ ಕೊಟ್ಟು ಅದರಂಥದೇ ಇನ್ನೊಂದನ್ನು ಕೊಂಡು ಹಿಂತಿರುಗಿಸುತ್ತಾರೆ. ಸಾಲ ತೀರಲು ಹತ್ತು ವರ್ಷ ಬೇಕಾಗುತ್ತದೆ. ಆಮೇಲೊಂದು ದಿನ ಗೆಳತಿ ಸಿಗುತ್ತಾಳೆ, ತನ್ನದು ಹೆಚ್ಚೆಂದರೆ ಐನೂರು ಫ್ರಾಂಕಿನ ನಕಲಿ ಎನ್ನುತ್ತಾಳೆ.

ಈಗ ವ್ಯಾಪಾರಿಯ ಬಳಿ ಹೋಗೋಣ. ಹಾರ ಸಿಗುವ ಆಸೆ ಬತ್ತಿದ ಮೇಲೆ ಗಂಡ ಹೆಂಡತಿ ಅದರ ಖಾಲಿ ಪೆಟ್ಟಿಗೆ ಹಿಡಿದುಕೊಂಡು, ಒಳಗೆ ಯಾವ ಅಂಗಡಿಯ ಹೆಸರಿದೆಯೋ ಆ ಅಂಗಡಿಗೆ ಹೋಗುತ್ತಾರೆ. ವ್ಯಾಪಾರಿ ಲೆಕ್ಕದ ಪುಸ್ತಕ ತಿರುವಿ ನೋಡುತ್ತಾನೆ. ಆ ಹಾರವನ್ನು ತಾನು ಮಾರಿಲ್ಲ, ಬರೀ ಪೆಟ್ಟಿಗೆಯನ್ನು ಒದಗಿಸಿರಬೇಕು ಎನ್ನುತ್ತಾನೆ. ಅಷ್ಟೇ. ದಂಪತಿ ಅಂಗಡಿಯಿಂದ ಅಂಗಡಿಗೆ ಅಲೆಯಲು ಹೊರಡುತ್ತಾರೆ, ಓದುಗರೂ ಅವರ ಹಿಂದೆ.

ಸ್ವಲ್ಪ ನಿಂತು ಯೋಚಿಸಿದರೆ ಈ ಮಾತು ವಿಚಿತ್ರವಾಗಿದೆ. ಅಪ್ಪಟ ವಜ್ರದ ಹಾರ ಕೊಂಡರೆ ಪೆಟ್ಟಿಗೆಯನ್ನು ಬೇರೆ ಅಂಗಡಿಯಿಂದ ಯಾಕೆ ತರಬೇಕು? ದೊಡ್ಡ ಅಂಗಡಿಯ ಹೆಸರಿರುವ ಕಪ್ಪು ಸ್ಯಾಟಿನ್ ಪೆಟ್ಟಿಗೆಯೊಳಗೆ ಅಲ್ಲಿಯದಲ್ಲದ ಹಾರ ಇದೆ ಎಂದರೆ ಅರ್ಥವೇನು? ಈ ಪ್ರಶ್ನೆ ನಮಗೆ ಏಳುವುದೇ ಇಲ್ಲ. ಏಕೆಂದರೆ ಆ ವಾಕ್ಯಕ್ಕೆ ಅಲ್ಲೇ, ಆ ಕ್ಷಣದಲ್ಲೇ ಬೇರೊಂದು ಕೆಲಸವಿದೆ. ಹುಡುಕಾಟಕ್ಕೆ ಅದು ಅಡ್ಡಿ. ಈ ಬಾಗಿಲೂ ಮುಚ್ಚಿತಲ್ಲ, ಮುಂದೇನು ಎಂದು ನಮ್ಮ ಗಮನ ಓಡುತ್ತದೆ. ಮುನ್ಸೂಚನೆ ಅಡಗುವುದು ಹೀಗೆ. ಬೇರೇನೂ ಕೆಲಸವಿಲ್ಲದ ವಿವರವನ್ನು ಸುಮ್ಮನೆ ತಂದಿಟ್ಟರೆ ಓದುಗ ತಕ್ಷಣ ಮೂಗು ಅರಳಿಸುತ್ತಾನೆ. ಇಲ್ಲಿ ವಿವರ ಎರಡು ಕೂಲಿ ಮಾಡುತ್ತಿದೆ, ನಮಗೆ ಒಂದು ಮಾತ್ರ ಕಾಣುತ್ತದೆ.

ಹಾರ ಹಿಂತಿರುಗಿಸುವ ಸಂದರ್ಭವೂ ಹಾಗೆಯೇ. ತಡವಾಯಿತೆಂದು ಫೊರೆಸ್ತಿಯೆ ಮುಖ ಬಿಗಿಯುತ್ತಾಳೆ, ಆದರೆ ಪೆಟ್ಟಿಗೆ ತೆರೆದು ನೋಡುವುದಿಲ್ಲ. ಮತಿಲ್ಡಳ ಭಯವೆಲ್ಲ ಬದಲಾವಣೆ ಗೊತ್ತಾಗಿಬಿಟ್ಟರೆ ಎಂಬುದು. ಕಳ್ಳಿ ಎಂದುಕೊಂಡರೆ? ನಾವೂ ಅವಳ ಜೊತೆ ಉಸಿರು ಹಿಡಿಯುತ್ತೇವೆ, ತೆರೆಯದೇ ಹೋದಾಗ ಉಸಿರು ಬಿಡುತ್ತೇವೆ. ಅಷ್ಟು ಬೆಲೆಯ ಒಡವೆಯನ್ನು ಯಾರಾದರೂ ನೋಡದೆ ಎತ್ತಿಡುತ್ತಾರೆಯೇ ಎಂಬ ಅನುಮಾನ ಆ ನಿರಾಳತೆಯಲ್ಲಿ ಮುಳುಗಿಹೋಗುತ್ತದೆ. ಕೊಡುವಾಗಲೂ ಅವಳು ಒಂದಿಷ್ಟೂ ಅಳುಕದೆ ಕೊಟ್ಟಿದ್ದಳು. ಆಗ ನಾವು ಅದನ್ನು ಗೆಳೆತನದ ಔದಾರ್ಯ ಎಂದು ಓದಿದೆವು.

ಇವೆಲ್ಲ ವಸ್ತುವಿನ ಬಗೆಗಿನ ಸುಳಿವುಗಳು. ಇಷ್ಟೇ ಇದ್ದಿದ್ದರೆ ಕೊನೆ ನ್ಯಾಯವಾಗಿ ಕಾಣುತ್ತಿತ್ತು, ಅನಿವಾರ್ಯ ಅನ್ನಿಸುತ್ತಿರಲಿಲ್ಲ. ಅನಿವಾರ್ಯ ಅನ್ನಿಸಬೇಕಾದರೆ ಸುಳಿವು ವ್ಯಕ್ತಿಯ ಸ್ವಭಾವದೊಳಗೂ ಇರಬೇಕು. ಹಾರ ಆರಿಸಿಕೊಳ್ಳುವ ದೃಶ್ಯ ನೋಡಿ. ಫೊರೆಸ್ತಿಯೆ ಮೊದಲು ತೋರಿಸುವುದು ಬಳೆ, ಮುತ್ತಿನ ಸರ, ಸೊಗಸಾದ ಕುಸುರಿಯ ಚಿನ್ನದ ವೆನಿಸ್ ಶಿಲುಬೆ. ಮತಿಲ್ಡ ಕನ್ನಡಿಯ ಮುಂದೆ ಇಟ್ಟು ನೋಡುತ್ತಾಳೆ, ಬೇರೆ ಏನಾದರೂ ಇದೆಯೇ ಎಂದು ಕೇಳುತ್ತಾಳೆ. ಕೊನೆಗೆ ಅವಳ ಎದೆ ಬಡಿದುಕೊಳ್ಳುವುದು ಆ ಒಂದು ಹಾರ ಕಂಡಾಗ. ಮೈಮೇಲೆ ಒಡವೆಯನ್ನೇ ಕಾಣದವಳಿಗೆ ಹೊಳಪೇ ಬೆಲೆ.

ಹಾರ ಕಳೆದದ್ದಾದರೂ ಹೇಗೆ? ಔತಣ ಮುಗಿದಾಗ ಗಂಡ ದಿನಬಳಕೆಯ ಹೊದಿಕೆಯನ್ನು ಅವಳ ಹೆಗಲಿಗೆ ಹಾಕುತ್ತಾನೆ. ಸುತ್ತ ಹೆಂಗಸರು ಬೆಲೆಬಾಳುವ ತುಪ್ಪಳದ ಕೋಟು ತೊಡುತ್ತಿದ್ದಾರೆ. ಅವರ ಕಣ್ಣಿಗೆ ಬೀಳಬಾರದೆಂದು ಗಂಡನ ಮಾತನ್ನೂ ಕೇಳದೆ ಮೆಟ್ಟಿಲಿಳಿದು ಓಡುತ್ತಾಳೆ. ಮನೆಗೆ ಬಂದು ಕನ್ನಡಿ ನೋಡಿಕೊಂಡಾಗ ಕೊರಳು ಬರಿದು. ಮಾರನೆಯ ದಿನಗಳಲ್ಲಿ ಅದೇ ನಾಚಿಕೆ ಪತ್ರವಾಗುತ್ತದೆ. ಹಾರದ ಕೊಂಡಿ ಮುರಿದಿದೆ, ರಿಪೇರಿಗೆ ಕೊಟ್ಟಿದ್ದೇವೆ ಎಂದು ಗಂಡ ಹೇಳಿ ಬರೆಸುತ್ತಾನೆ. ನನಗೆ ಇಡೀ ಕಥೆಯ ಕೀಲು ಈ ಪತ್ರವೇ. ಅದನ್ನು ಬರೆಯದೆ, ನೇರವಾಗಿ ಹೋಗಿ ಕಳೆಯಿತು ಎಂದಿದ್ದರೆ ಐನೂರು ಫ್ರಾಂಕಿನಲ್ಲಿ ಮುಗಿಯುತ್ತಿತ್ತು. ಹಾಗೆ ಹೇಳಬಲ್ಲವಳಾಗಿದ್ದರೆ ಅವಳು ಹಾರ ಕೇಳಲು ಹೋಗುತ್ತಲೇ ಇರಲಿಲ್ಲ.

ಒಂದು ಪರೀಕ್ಷೆ ಮಾಡಿ ನೋಡಬಹುದು. ವ್ಯಾಪಾರಿಯ ಮಾತನ್ನು ತೆಗೆದುಬಿಡಿ, ಕೊನೆ ಇನ್ನೂ ನಿಲ್ಲುತ್ತದೆ, ಸ್ವಲ್ಪ ಟೊಳ್ಳಾಗಿ. ಪತ್ರವನ್ನು ತೆಗೆದುಬಿಟ್ಟರೆ ಕಥೆಯೇ ನಿಲ್ಲುವುದಿಲ್ಲ. ಬರೀ ತಿರುವನ್ನು ಅನುಕರಿಸಿದ ಕಥೆಗಳು ಸೋಲುವುದು ಇಲ್ಲೇ. ಅವು ಸುಳಿವುಗಳನ್ನು ಜೋಪಾನವಾಗಿ ಬಿತ್ತುತ್ತವೆ, ಆದರೆ ಪಾತ್ರ ಬೇರೆ ದಾರಿ ಹಿಡಿಯಬಹುದಿತ್ತಲ್ಲ ಎಂಬ ತಕರಾರಿಗೆ ಅವುಗಳಲ್ಲಿ ಉತ್ತರವಿರುವುದಿಲ್ಲ.

ಮೊಪಾಸಾನ ಮೇಲೂ ಒಂದು ತಕರಾರಿದೆ. ಹಾರ ಮೊದಲು ಕಂಡಾಗ ಅದು ಭವ್ಯವಾದ ವಜ್ರದ ಹಾರ ಎಂದು ಹೇಳುವವನು ನಿರೂಪಕನೇ, ಮತಿಲ್ಡ ಅಲ್ಲ. ಇದು ಮೋಸವಲ್ಲವೇ? ಆ ವಾಕ್ಯ ಅವಳು ಹಠಾತ್ತನೆ ಕಂಡುಕೊಂಡಳು ಎಂಬಲ್ಲಿಂದ ಹೊರಡುತ್ತದೆ, ಹಾಗಾಗಿ ಅಲ್ಲಿ ನಿರೂಪಕ ಅವಳ ಕಣ್ಣಿನಿಂದ ನೋಡುತ್ತಿದ್ದಾನೆ ಎಂದು ಸಮರ್ಥಿಸಬಹುದು. ನಾನು ಈ ಸಮರ್ಥನೆಯನ್ನು ಮುಕ್ಕಾಲು ಪಾಲು ಒಪ್ಪುತ್ತೇನೆ. ಉಳಿದ ಕಾಲು ಪಾಲಿನಲ್ಲಿ ಅವನು ತಕ್ಕಡಿಯ ಮೇಲೆ ಬೆರಳಿಟ್ಟಿದ್ದಾನೆ.

ಈ ಕಥೆ ‘ಲ ಗೊಲ್ವಾ’ ಪತ್ರಿಕೆಯಲ್ಲಿ ಬಂದದ್ದು 1884ರ ಫೆಬ್ರವರಿಯಲ್ಲಿ. ಅದಕ್ಕೆ ಹನ್ನೊಂದು ತಿಂಗಳ ಹಿಂದೆ, 1883ರ ಮಾರ್ಚಿನಲ್ಲಿ ‘ಗಿಲ್ ಬ್ಲಾಸ್’ನಲ್ಲಿ ಅವನ ‘ಆಭರಣಗಳು’ ಎಂಬ ಕಥೆ ಬಂದಿತ್ತು. ಅದು ಇದರ ತಲೆಕೆಳಗು. ಲಾಂತಾಂ ಎಂಬ ಗುಮಾಸ್ತನ ಹೆಂಡತಿಗೆ ನಾಟಕದ ಹುಚ್ಚು, ನಕಲಿ ಒಡವೆಯ ಹುಚ್ಚು. ಅವನ ವರ್ಷದ ಸಂಬಳ 3,500 ಫ್ರಾಂಕ್, ಆದರೂ ಅವಳ ಸಂಸಾರದ ಜಾಣತನದಿಂದ ಮನೆ ಸಿರಿವಂತರ ಮನೆಯಂತೆ ನಡೆಯುತ್ತದೆ. ಅವಳು ತೀರಿಕೊಂಡ ಮೇಲೆ ಅದೇ ಸಂಬಳ ಅವನೊಬ್ಬನಿಗೂ ಸಾಲುವುದಿಲ್ಲ. ಅವಳು ಅಷ್ಟು ಒಳ್ಳೆಯ ಮದ್ಯ, ಅಷ್ಟು ರುಚಿಯ ತಿನಿಸು ಹೇಗೆ ತರುತ್ತಿದ್ದಳೋ ಎಂದು ಬೆರಗಾಗುತ್ತಾನೆ. ಆರೋ ಎಂಟೋ ಫ್ರಾಂಕ್ ಸಿಕ್ಕೀತೆಂದು ಅವಳ ಒಂದು ಹಾರ ಮಾರಲು ಹೋದರೆ ಅದು ಅಪ್ಪಟ, ಬೆಲೆ ಸಾವಿರಗಳಲ್ಲಿ. ಯಾರೋ ಕೊಟ್ಟದ್ದು.

ಇಲ್ಲಿ ಸುಳಿವಿಗೆ ದನಿ ಜಾಸ್ತಿ. ಸಂಬಳದ ಅಂಕಿ, ವೈಭವದ ಊಟ, ರಾತ್ರಿಯ ನಾಟಕ ಒಂದರ ಪಕ್ಕ ಒಂದು ಬರುವುದರಿಂದ ಚುರುಕಾದ ಓದುಗ ಅಂಗಡಿಗೆ ಲಾಂತಾಂಗಿಂತ ಮೊದಲೇ ತಲುಪಿರುತ್ತಾನೆ. ಅದೇನೂ ದೋಷವಲ್ಲ. ಗಂಡನಿಗೆ ಯಾವಾಗ ಗೊತ್ತಾಗುತ್ತದೆ, ಗೊತ್ತಾದ ಮೇಲೆ ಆ ಹಣವನ್ನು ಮುಟ್ಟುತ್ತಾನೆಯೇ ಎಂಬುದು ಆ ಕಥೆಯ ಕುತೂಹಲ. ಮುಟ್ಟುತ್ತಾನೆ. ಅಲ್ಲಿಯೂ ಒಬ್ಬ ವ್ಯಾಪಾರಿ ಲೆಕ್ಕದ ಪುಸ್ತಕ ತೆರೆಯುತ್ತಾನೆ. ಅದರಲ್ಲಿ ಹಾರದ ನಮೂದು ಇದೆ, ಶ್ರೀಮತಿ ಲಾಂತಾಂ ಹೆಸರಿಗೆ, ಮನೆಯ ವಿಳಾಸ ಸಮೇತ. ಮತಿಲ್ಡಳ ಮುಂದೆ ತೆರೆದ ಪುಸ್ತಕದಲ್ಲಿ ನಮೂದೇ ಇಲ್ಲ.