ಮಣ್ಣು ವರದಿಯ ಓದು

ಮಣ್ಣು ಪರೀಕ್ಷಾ ವರದಿಯಲ್ಲಿ ಎಲ್ಲರ ಕಣ್ಣು ಮೊದಲು ಹುಡುಕುವುದು ಧಾರಣಶಕ್ತಿಯ ಅಂಕಿಯನ್ನು. ಆದರೆ ಸೊಗಸಾದ ಪುಟವೆಂದರೆ ಬೋರ್‌ಲಾಗ್. ನೆಲವನ್ನು ನಿಲುವಾಗಿ ಸೀಳಿ ತೋರಿಸುವ ಪಟ್ಟಿ ಅದು.

ಧಾರವಾಡದ ಕಡೆಯ ಎರೆ ನೆಲದ ಒಂದು ನಿವೇಶನವನ್ನು ಊಹಿಸಿಕೊಳ್ಳಬಹುದು. ಮೇಲಿನ 1.5 ಮೀಟರ್ ಎರೆಮಣ್ಣು, ಕೆಳಗೆ ಗಟ್ಟಿ ಗರಸು. ಗರಸಿನ ಎದುರು ‘N = 22’ ಎಂದಿದೆ: 63.5 ಕಿಲೋ ಸುತ್ತಿಗೆಯನ್ನು 75 ಸೆಂ.ಮೀ. ಎತ್ತರದಿಂದ 22 ಸಲ ಬೀಳಿಸಿದಾಗ ಕೊಳವೆ 30 ಸೆಂ.ಮೀ. ಇಳಿಯಿತು ಎಂದರ್ಥ. ವರದಿಯ ಸುರಕ್ಷಿತ ಧಾರಣಶಕ್ತಿ, 2 ಮೀಟರ್ ಆಳದಲ್ಲಿ, ಚದರ ಮೀಟರಿಗೆ 15 ಟನ್. ಕಂಬದ ಭಾರ 30 ಟನ್, ಪಾದದ ತೂಕಕ್ಕೆಂದು ಇನ್ನು 3 ಟನ್; 33ನ್ನು 15ರಿಂದ ಭಾಗಿಸಿದರೆ 2.2 ಚದರ ಮೀಟರ್. 1.5 ಮೀಟರ್ ಚೌಕದ ಪಾದ ಸಾಕು.

ಆ 15 ಟನ್ನು 2 ಮೀಟರ್ ಆಳಕ್ಕೆ ಮಾತ್ರ ಸೇರಿದ್ದು. ಅಗೆತದ ಖರ್ಚು ಉಳಿಸಲು ಒಂದು ಮೀಟರಿಗೇ ನಿಲ್ಲಿಸಿದರೆ ಪಾದ ಎರೆಯ ಮೇಲೆ ಕೂರುತ್ತದೆ. ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವ ಮಣ್ಣು ಗೋಡೆಯನ್ನು ಓರೆಯಾಗಿ ಬಿರಿಯಿಸುತ್ತದೆ.

ನೀರಿನ ಮಟ್ಟದ ಜೊತೆಗೆ ತಾರೀಖನ್ನೂ ಓದಬೇಕು. ಏಪ್ರಿಲ್‌ನಲ್ಲಿ 4 ಮೀಟರ್ ಕೆಳಗಿದ್ದ ನೀರು ಮಳೆಗಾಲದಲ್ಲಿ ಪಾದದ ತಳಕ್ಕೇ ಏರಬಹುದು. ಮರಳುಮಿಶ್ರಿತ ಗರಸಿನಲ್ಲಿ ಆಗ ಧಾರಣಶಕ್ತಿ ಅರ್ಧದ ಹತ್ತಿರಕ್ಕೂ ಇಳಿಯುವುದುಂಟು. ಲೆಕ್ಕದಲ್ಲಿ ಯಾವ ನೀರಿನ ಮಟ್ಟ ಹಿಡಿದಿದ್ದಾರೆಂದು ಬರೆದಿರದಿದ್ದರೆ, ಅಗೆಯುವ ಮೊದಲೇ ಎಂಜಿನಿಯರರನ್ನು ಕೇಳಬೇಕು.